ಪ್ರೊಪ್ರೈಟರ್‌ಶಿಪ್‌ನಿಂದ ಪ್ರೈವೇಟ್ ಲಿಮಿಟೆಡ್‌ಗೆ: ಕ್ಯಾಪಿಟಲ್ ಅಕೌಂಟ್ ಪೂರ್ತಿ ಶೇರ್ ಆಗ್ಬೇಕು, ಅದು ಹೆಂಗೆ

ಮೊದ್ಲೇ ಒಂದು ಮಾತು ಕ್ಲಿಯರ್ ಮಾಡ್ಬಿಡ್ತೀನಿ. ಪ್ರೊಪ್ರೈಟರ್‌ಶಿಪ್ ಕಂಪನಿ ಆಗಿ "ಕನ್ವರ್ಟ್" ಆಗೋದು ಅಂತ ಎಲ್ರೂ ಹೇಳ್ತೀವಿ, ನಾನೂ ಹೇಳ್ತೀನಿ, ಆದ್ರೆ ಕಾನೂನಲ್ಲಿ ಹಂಗೊಂದು ಬಟನ್ ಇಲ್ಲ. ಪಾರ್ಟ್‌ನರ್‌ಶಿಪ್‌ಗೆ, ಎಲ್‌ಎಲ್‌ಪಿಗೆ ಕಂಪನೀಸ್ ಆಕ್ಟ್ 2013ರ ಸೆಕ್ಷನ್ 366 ಇದೆ, URC-1 ಅಂತ ಫಾರಂ ಇದೆ, ಸೀದಾ ಅದೇ ಸಂಸ್ಥೆ ಕಂಪನಿ ಆಗಿ ರಿಜಿಸ್ಟರ್ ಆಗತ್ತೆ. ಒಬ್ರೇ ಓನರ್ ಇರೋ ಬಿಸಿನೆಸ್‌ಗೆ ಆ ದಾರಿ ಇಲ್ಲ. ನೀವು ಒಂದು ಹೊಸ ಕಂಪನಿ ಹುಟ್ಟಿಸಬೇಕು, ಆಮೇಲೆ ಆ ಕಂಪನಿ ನಿಮ್ಮ ಬಿಸಿನೆಸ್‌ನ ಆಸ್ತಿ-ಸಾಲ ಸಮೇತ ತಗೋಬೇಕು, ತಗೊಂಡಿದ್ದಕ್ಕೆ ದುಡ್ಡು ಕೊಡದೆ ಶೇರ್ ಕೊಡ್ಬೇಕು. ಅಂದ್ರೆ ಇದೊಂದು ವ್ಯವಹಾರ, ಒಂದು ಕಡೆ ನೀವು, ಇನ್ನೊಂದು ಕಡೆ ನಿಮ್ದೇ ಕಂಪನಿ. ಇದನ್ನ ಮನಸ್ಸಿಗೆ ತಗೊಂಡ್ರೆ ಉಳಿದಿದ್ದೆಲ್ಲ ಅರ್ಥ ಆಗತ್ತೆ, ತಗೊಳ್ಳದೆ ಹೋದ್ರೆ ಮುಂದೆ ಒಂದೊಂದು ಫಾರಂನಲ್ಲೂ ಎಡವ್ತೀರಿ.

ನಾನು ಸಣ್ಣ ಫ್ಯಾಕ್ಟರಿಗಳ ಲೆಕ್ಕ ನೋಡ್ಕೊಳ್ಳೋನು. ಇಲ್ಲಿ ಹೇಳೋದು ಪೀಣ್ಯದಲ್ಲಿ ಬಾಡಿಗೆ ಶೆಡ್‌ನಲ್ಲಿ ಸಿಎನ್‌ಸಿ ಜಾಬ್ ವರ್ಕ್ ಮಾಡೋ ಒಬ್ರ ಕೇಸು, ನಾವೆಲ್ಲ ಅಣ್ಣ ಅಂತ ಕರೀತೀವಿ, ಇಲ್ಲೂ ಅಣ್ಣ ಅಂತಲೇ ಬರೀತೀನಿ. ಅಂಕಿಗಳನ್ನ ರೌಂಡ್ ಮಾಡಿದೀನಿ.

ಎಲ್ಲಾ ನಿಂತಿರೋದು ಮೂರು ಷರತ್ತಿನ ಮೇಲೆ

ನಿಮ್ಮ ಬಿಸಿನೆಸ್ ಕಂಪನಿಗೆ ಹೋಗೋದು ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಆಸ್ತಿ ವರ್ಗಾವಣೆ, ಸುಮ್ನೆ ಬಿಟ್ರೆ ಕ್ಯಾಪಿಟಲ್ ಗೇನ್ ಬರತ್ತೆ. ಬರದೇ ಇರೋಕೆ 1961ರ ಆಕ್ಟ್‌ನಲ್ಲಿ ಸೆಕ್ಷನ್ 47(xiv) ಇತ್ತು. 2026ರ ಏಪ್ರಿಲ್ 1ರಿಂದ 2025ರ ಹೊಸ ಆಕ್ಟ್ ಬಂದು ಸೆಕ್ಷನ್ ನಂಬರ್‌ಗಳು ಬದಲಾಗಿವೆ, ಡಾಕ್ಯುಮೆಂಟ್‌ನಲ್ಲಿ ಹೊಸ ನಂಬರ್ ಹಾಕ್ಸಿ, ಆದ್ರೆ ಆಡಿಟರ್‌ಗಳ ಬಾಯಲ್ಲಿ ಇನ್ನೂ ಹಳೇ ನಂಬರ್ರೇ ಓಡಾಡ್ತಿದೆ, ನಾನೂ ಅದನ್ನೇ ಬಳಸ್ತೀನಿ.

ಷರತ್ತು ಮೂರು. ಒಂದು, ಆ ಬಿಸಿನೆಸ್‌ಗೆ ಸೇರಿದ ಎಲ್ಲಾ ಆಸ್ತಿ ಮತ್ತು ಎಲ್ಲಾ ಸಾಲ ಕಂಪನಿಯದ್ದಾಗ್ಬೇಕು. ಎರಡು, ಪ್ರೊಪ್ರೈಟರ್ ಹತ್ರ ಕಂಪನಿಯ ಒಟ್ಟು ವೋಟಿಂಗ್ ಪವರ್‌ನ ಕನಿಷ್ಠ 50% ಇರ್ಬೇಕು, ಅದು 5 ವರ್ಷ ಹಂಗೇ ಇರ್ಬೇಕು. ಮೂರು, ಪ್ರೊಪ್ರೈಟರ್‌ಗೆ ಶೇರ್ ಬಿಟ್ಟು ಬೇರೆ ಯಾವ ರೂಪದಲ್ಲೂ, ನೇರವಾಗಾಗ್ಲಿ ಸುತ್ತು ಬಳಸಿಯಾಗ್ಲಿ, ಏನೂ ಸಿಗಬಾರ್ದು.

ಜನ ಎರಡನೇದಕ್ಕೆ ಹೆದರ್ತಾರೆ, ಬೀಳೋದು ಮೂರನೇದ್ರಲ್ಲಿ. ಹೆಂಗೆ ಅಂತ ಬ್ಯಾಲೆನ್ಸ್ ಶೀಟ್ ಇಟ್ಕೊಂಡೇ ನೋಡೋಣ.

ಹೆಜ್ಜೆ 1: ಬ್ಯಾಲೆನ್ಸ್ ಶೀಟ್ ಕ್ಲೀನ್ ಮಾಡಿ

ಅಣ್ಣನ ಬಿಸಿನೆಸ್ ಮಾರ್ಚ್ 31ಕ್ಕೆ ಹಿಂಗಿತ್ತು:

- ಮಷೀನ್‌ಗಳು: 23,80,000
- ಕಾರು: 4,20,000
- ಸ್ಟಾಕ್: 9,50,000
- ಕಸ್ಟಮರ್‌ಗಳಿಂದ ಬರಬೇಕಾದ್ದು: 16,40,000
- ಶೆಡ್ ಅಡ್ವಾನ್ಸ್: 3,00,000
- ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್: 1,85,000
- ಬ್ಯಾಂಕ್ ಕರೆಂಟ್ ಅಕೌಂಟ್: 2,25,000

ಒಟ್ಟು ಆಸ್ತಿ 61,00,000. ಸಾಲದ ಕಡೆ ಮಷೀನ್ ಟರ್ಮ್ ಲೋನ್ 14,00,000, ಸಪ್ಲೈಯರ್‌ಗಳಿಗೆ ಕೊಡಬೇಕಾದ್ದು 10,20,000, ಸಂಬಳ ಪಿಎಫ್ ಕರೆಂಟ್ ಬಿಲ್ ಎಲ್ಲಾ ಸೇರಿ 80,000, ಒಟ್ಟು 25,00,000. ಉಳಿದಿದ್ದು 36,00,000, ಅದೇ ಅಣ್ಣನ ಕ್ಯಾಪಿಟಲ್ ಅಕೌಂಟ್.

ಇಲ್ಲಿ ಮೊದಲ ಜಗಳ ಆಗಿದ್ದು ಕಾರಿನ ಮೇಲೆ. "ಕಾರು ನನ್ನ ಹೆಸರಲ್ಲೇ ಇರ್ಲಿ ಬಿಡು, ಮನೆಯವ್ರೂ ಓಡಾಡ್ತಾರೆ" ಅಂದ್ರು ಅಣ್ಣ. ಆದ್ರೆ ನಾಲ್ಕು ವರ್ಷದಿಂದ ಅದರ ಮೇಲೆ ಡಿಪ್ರಿಸಿಯೇಷನ್ ತಗೊಂಡಿದೀವಿ, ಡೀಸಲ್ ಬಿಲ್ ಖರ್ಚಿಗೆ ಹಾಕಿದೀವಿ, ಈಗ ಟೇಕೋವರ್ ದಿನ ಮಾತ್ರ ಅದು ಮನೆ ಕಾರು ಅಂದ್ರೆ ಯಾರು ಒಪ್ತಾರೆ. "ಎಲ್ಲಾ ಆಸ್ತಿ" ಅಂದ್ರೆ ಎಲ್ಲಾ. ಕಾರನ್ನ ಕಂಪನಿಗೇ ಕೊಟ್ವಿ, ಆರ್‌ಟಿಒದಲ್ಲಿ ಫಾರಂ 29, 30 ಹಾಕಿ ಆರ್‌ಸಿ ಹೆಸರು ಬದಲಾಯ್ತು. ನಿಜವಾಗ್ಲೂ ಪರ್ಸನಲ್ ಆಗಿರೋದು ಬುಕ್ಸ್‌ಗೆ ತಪ್ಪಿ ಸೇರ್ಕೊಂಡಿದ್ರೆ ಹಿಂದಿನ ವರ್ಷಗಳಲ್ಲೇ ತೆಗೀಬೇಕಿತ್ತು, ಕೊನೇ ವಾರದಲ್ಲಿ ತೆಗೆದ್ರೆ ಕಣ್ಣಿಗೆ ಹೊಡಿಯತ್ತೆ.

ಶೆಡ್ ಬಾಡಿಗೇದು ಆಗಿದ್ದು ಅಣ್ಣನ ಅದೃಷ್ಟ. ಸ್ವಂತ ಜಾಗ, ಕಟ್ಟಡ ಬಿಸಿನೆಸ್ ಬುಕ್ಸ್‌ನಲ್ಲಿ ಇದ್ರೆ ಅದೂ ಹೋಗ್ಬೇಕು, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಆಗ್ಬೇಕು, ಸ್ಟ್ಯಾಂಪ್ ಡ್ಯೂಟಿ ರಿಜಿಸ್ಟ್ರೇಷನ್ ಫೀ ಕೊಡ್ಬೇಕು. ಕ್ಯಾಪಿಟಲ್ ಗೇನ್ ಟ್ಯಾಕ್ಸ್ ಇಲ್ಲ ಅಂದ ಮಾತ್ರಕ್ಕೆ ಸ್ಟ್ಯಾಂಪ್ ಡ್ಯೂಟಿ ಮಾಫಿ ಆಗಲ್ಲ, ಇವೆರಡು ಬೇರೆ ಬೇರೆ ಕಾನೂನು. ಕೆಐಎಡಿಬಿ ಸೈಟ್ ಆಗಿದ್ರೆ ಅವರ ಅನುಮತಿ ಮೊದಲು. ಜಾಗ ಇರೋರು ಈ ಲೆಕ್ಕ ಹಾಕ್ದೇ ಮುಂದಕ್ಕೆ ಹೋಗ್ಬೇಡಿ.

ಇನ್ನೊಂದು, ಹಳೇ ಇನ್‌ಕಮ್ ಟ್ಯಾಕ್ಸ್ ಡಿಮ್ಯಾಂಡ್ ಅಥವಾ ನಡೀತಿರೋ ಅಸೆಸ್‌ಮೆಂಟ್ ಇದ್ಯಾ ಅಂತ ಪೋರ್ಟಲ್‌ನಲ್ಲಿ ನೋಡ್ಕೊಳ್ಳಿ. ಬಾಕಿ ಇಟ್ಕೊಂಡು ಆಸ್ತಿ ವರ್ಗಾಯಿಸಿದ್ರೆ ಆ ವರ್ಗಾವಣೆ ಇಲಾಖೆ ವಿರುದ್ಧ ನಿಲ್ಲಲ್ಲ, ಹಳೇ ಆಕ್ಟ್‌ನ ಸೆಕ್ಷನ್ 281 ಅದೇ. ಕಟ್ಟಿ ಮುಗಿಸಿ ಅಥವಾ ಅಧಿಕಾರಿ ಹತ್ರ ಪರ್ಮಿಷನ್ ತಗೊಳ್ಳಿ.

ಹೆಜ್ಜೆ 2: ಎಷ್ಟು ಶೇರ್ ಅಂತ ಕಂಪನಿ ಮಾಡೋ ಮುಂಚೆನೇ ಲೆಕ್ಕ ಹಾಕಿ

ಸಾಮಾನ್ಯವಾಗಿ ಏನಾಗತ್ತೆ ಅಂದ್ರೆ, ಯಾರೋ ಏಜೆಂಟ್ ಕಡಿಮೆ ರೇಟಿಗೆ ಕಂಪನಿ ಮಾಡ್ಕೊಡ್ತಾನೆ, ಆಥರೈಸ್ಡ್ ಕ್ಯಾಪಿಟಲ್, ಅಂದ್ರೆ ಕಂಪನಿ ಒಟ್ಟು ಎಷ್ಟು ಶೇರ್ ಕೊಡಬಹುದು ಅನ್ನೋ ಮಿತಿ, 10 ಲಕ್ಷ ಇಟ್ಟಿರ್ತಾನೆ. ಟೇಕೋವರ್ ಟೈಮಲ್ಲಿ ಅಕೌಂಟೆಂಟ್ ನೋಡ್ತಾನೆ, ಕ್ಯಾಪಿಟಲ್ ಅಕೌಂಟ್ 36 ಲಕ್ಷ ಇದೆ, ಶೇರ್ ಕೊಡೋಕೆ ಇರೋದು 10 ಲಕ್ಷದ ಜಾಗ. ಸರಿ, 10 ಲಕ್ಷಕ್ಕೆ ಶೇರ್ ಹಾಕಿ, ಮಿಕ್ಕಿದ 26 ಲಕ್ಷ "ಲೋನ್ ಫ್ರಂ ಡೈರೆಕ್ಟರ್" ಅಂತ ಟ್ಯಾಲಿಯಲ್ಲಿ ಎಂಟ್ರಿ ಹೊಡೀತಾನೆ. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗತ್ತೆ, ಎಲ್ರೂ ಖುಷಿ.

ಆದ್ರೆ ಆ 26 ಲಕ್ಷ ಅಂದ್ರೆ ಏನು? ಕಂಪನಿ ನಿಮಗೆ ವಾಪಸ್ ಕೊಡಬೇಕಾದ ಸಾಲ, ಬಿಸಿನೆಸ್ ಕೊಟ್ಟಿದ್ದಕ್ಕೆ ನಿಮಗೆ ಸಿಕ್ಕಿದ್ದು. ಅದು ಶೇರ್ ಅಲ್ಲ. ಮೂರನೇ ಷರತ್ತು ಅಲ್ಲೇ ಮುರೀತು. ನಾಳೆ ಅಸೆಸ್‌ಮೆಂಟ್ ಬಂದ್ರೆ ಅಧಿಕಾರಿ ಹುಡುಕೋದೇ ಬೇಡ, ಕಂಪನಿಯ ಮೊದಲನೇ ವರ್ಷದ ಬ್ಯಾಲೆನ್ಸ್ ಶೀಟ್‌ನಲ್ಲಿ ಡೈರೆಕ್ಟರ್ ಲೋನ್ ಓಪನಿಂಗ್ ಎಂಟ್ರಿ ನೋಡಿದ್ರೆ ಸಾಕು, ಬ್ಯಾಂಕಿಂದ ಒಂದು ರೂಪಾಯಿ ಬರದೆ ಲೋನ್ ಹುಟ್ಟಿರತ್ತೆ.

ಅದಕ್ಕೆ 36 ಲಕ್ಷ ಪೂರ್ತಿ ಶೇರ್ ಆಗ್ಬೇಕು. ಎರಡು ದಾರಿ ಇದೆ. ಒಂದು, 10 ರೂಪಾಯಿ ಮುಖಬೆಲೆಗೇ 3,60,000 ಶೇರ್. ಶುರುವಿನ 1 ಲಕ್ಷನೂ ಸೇರಿದ್ರೆ 37 ಲಕ್ಷ, ಹಂಗಾಗಿ ಆಥರೈಸ್ಡ್ ಕ್ಯಾಪಿಟಲ್ 40 ಲಕ್ಷ ಇಟ್ಕೋಬೇಕು, 15 ಲಕ್ಷದ ಮೇಲೆ ಹೋದ್ರೆ ರಿಜಿಸ್ಟ್ರೇಷನ್‌ಗೆ ಎಂಸಿಎ ಫೀ ಬೀಳತ್ತೆ. ಇನ್ನೊಂದು, 10 ರೂಪಾಯಿ ಶೇರನ್ನ 26 ರೂಪಾಯಿ ಪ್ರೀಮಿಯಂ ಜೊತೆ 36ಕ್ಕೆ ಕೊಡೋದು, ಆಗ 1,00,000 ಶೇರ್ ಸಾಕು, ಆಥರೈಸ್ಡ್ 15 ಲಕ್ಷದೊಳಗೇ ಮುಗಿಯತ್ತೆ. ಮುಂಚೆ ಪ್ರೀಮಿಯಂ ಅಂದ್ರೆ ಅದನ್ನೇ ಕಂಪನಿ ಆದಾಯ ಅಂತ ಹಿಡಿಯೋ ಏಂಜೆಲ್ ಟ್ಯಾಕ್ಸ್ ಭಯ ಇತ್ತು, ಅದನ್ನ ತೆಗೆದುಹಾಕಿದಾರೆ. ಆದ್ರೂ ನಾನು ಅಣ್ಣನಿಗೆ ಮುಖಬೆಲೆ ದಾರೀನೇ ಹೇಳಿದ್ದು, ಕಾರಣ ಸಿಂಪಲ್, ಹೆಂಡತಿ ಹತ್ರ ಇರೋ ಶೇರೂ 10 ರೂಪಾಯಿದು, ಇವರದ್ದೂ 10 ರೂಪಾಯಿದು, ಯಾರಿಗೂ ವಿವರಿಸೋ ಕೆಲಸ ಇಲ್ಲ. ಫೀ ಒಂದು ಸಲ ಹೋಗತ್ತೆ ಅಷ್ಟೆ.

ಹೆಜ್ಜೆ 3: ಕಂಪನಿ ಹುಟ್ಟಿಸೋದು

ಪ್ರೈವೇಟ್ ಕಂಪನಿಗೆ ಕನಿಷ್ಠ ಇಬ್ರು ಶೇರ್‌ಹೋಲ್ಡರ್, ಇಬ್ರು ಡೈರೆಕ್ಟರ್ ಬೇಕು. ಅಣ್ಣ ಮತ್ತು ಅತ್ತಿಗೆ. ಎಂಸಿಎ ಪೋರ್ಟಲ್‌ನಲ್ಲಿ SPICe+ ಫಾರಂ, ಪಾರ್ಟ್ ಎ ಹೆಸರಿಗೆ, ಪಾರ್ಟ್ ಬಿ ಉಳಿದಿದ್ದಕ್ಕೆ, ಇದು ಎಲ್ರಿಗೂ ಗೊತ್ತಿರೋದೇ, ನಿಮ್ಮ ಸಿಎ ಅಥವಾ ಸಿಎಸ್ ಮಾಡ್ತಾರೆ. ನೀವು ನೋಡ್ಬೇಕಾದ್ದು ಎರಡು ಜಾಗ. ಮೆಮೊರಾಂಡಂನ ಮುಖ್ಯ ಉದ್ದೇಶದಲ್ಲಿ "ಇಂಥ ಹೆಸರಲ್ಲಿ ಇಂಥವರು ನಡೆಸ್ತಿರೋ ಪ್ರೊಪ್ರೈಟರಿ ಬಿಸಿನೆಸ್‌ನ ಆಸ್ತಿ-ಸಾಲ ಸಮೇತ ವಹಿಸ್ಕೊಳ್ಳೋದು" ಅನ್ನೋ ವಾಕ್ಯ ಇರ್ಬೇಕು. ಆರ್ಟಿಕಲ್ಸ್‌ನಲ್ಲಿ ಪ್ರಿಫರೆನ್ಷಿಯಲ್ ಅಲಾಟ್‌ಮೆಂಟ್ ಮಾಡೋಕೆ ಅವಕಾಶ ಇರ್ಬೇಕು. ಇವೆರಡು ಇಲ್ಲದೆ ಕಂಪನಿ ಆದ್ರೆ ಆಮೇಲೆ ತಿದ್ದುಪಡಿ ಅಂತ ಇನ್ನೊಂದು ರೌಂಡ್.

ಶುರುವಿನ ಕ್ಯಾಪಿಟಲ್ ನಾವು ಇಟ್ಟಿದ್ದು 1 ಲಕ್ಷ, ಅಣ್ಣ 9,000 ಶೇರ್, ಅತ್ತಿಗೆ 1,000 ಶೇರ್. ಈ ದುಡ್ಡು ನಿಜವಾಗಿ ಇಬ್ಬರ ಪರ್ಸನಲ್ ಅಕೌಂಟಿಂದ ಕಂಪನಿ ಅಕೌಂಟಿಗೆ ಬರ್ಬೇಕು. ಬಂದ್ಮೇಲೆ ವ್ಯಾಪಾರ ಶುರು ಮಾಡೋ ಡಿಕ್ಲರೇಷನ್ INC-20A ಹಾಕ್ಬೇಕು, 180 ದಿನ ಟೈಮ್ ಇದೆ. ಆದ್ರೆ ಟೈಮ್ ಇದೆ ಅಂತ ಕೂರೋ ಹಂಗಿಲ್ಲ, ಅದು ಫೈಲ್ ಆಗೋವರೆಗೂ ಕಂಪನಿ ವ್ಯಾಪಾರ ಶುರು ಮಾಡೋ ಹಂಗಿಲ್ಲ, ಸಾಲ ತಗೊಳ್ಳೋ ಹಂಗಿಲ್ಲ, ಅಂದ್ಮೇಲೆ ಬಿಸಿನೆಸ್ ಟೇಕೋವರ್ ಮಾಡೋದು ಹೆಂಗೆ. ಅಣ್ಣನ ಕಂಪನಿ ಫೆಬ್ರವರಿಯಲ್ಲಿ ಆಯ್ತು, INC-20A ಮಾರ್ಚ್ ಮೊದಲ ವಾರ ಹೋಯ್ತು.

ಟೇಕೋವರ್‌ಗೆ ಏಪ್ರಿಲ್ 1 ಯಾಕೆ ಆರಿಸಿದ್ದು ಅಂದ್ರೆ, ವರ್ಷದ ಮಧ್ಯ ಮಾಡಿದ್ರೆ ಆ ವರ್ಷದ ಡಿಪ್ರಿಸಿಯೇಷನ್ನ ದಿನಗಳ ಲೆಕ್ಕದಲ್ಲಿ ನಿಮಗೂ ಕಂಪನಿಗೂ ಹಂಚ್ಬೇಕು, ಎರಡು ಕಡೆ ಅರ್ಧರ್ಧ ವರ್ಷದ ಬುಕ್ಸ್. ಮಾಡಬಾರ್ದು ಅಂತೇನಿಲ್ಲ, ತಲೆನೋವು ಅಷ್ಟೆ.

ಹೆಜ್ಜೆ 4: ಬ್ಯಾಂಕ್‌ಗೆ ಎಲ್ಲಕ್ಕಿಂತ ಮುಂಚೆ ಹೋಗಿ

ಟರ್ಮ್ ಲೋನ್ 14 ಲಕ್ಷ ಕಂಪನಿಯ ಸಾಲ ಆಗ್ಬೇಕು ಅಂದ್ರೆ ಬ್ಯಾಂಕ್ ಒಪ್ಪಬೇಕು. ನೀವಿಬ್ರೇ ಅಗ್ರಿಮೆಂಟ್ ಬರ್ಕೊಂಡ್ರೆ ಬ್ಯಾಂಕ್‌ಗೆ ಅದು ಲೆಕ್ಕಕ್ಕಿಲ್ಲ, ಅವರ ಪುಸ್ತಕದಲ್ಲಿ ಸಾಲಗಾರ ನೀವೇ. ಮಷೀನ್ ಅವರಿಗೆ ಹೈಪೋಥಿಕೇಟ್ ಆಗಿದೆ, ಕೇಳದೆ ಬೇರೆಯವರ ಹೆಸರಿಗೆ ಕೊಟ್ರೆ ಲೋನ್ ಷರತ್ತು ಮುರಿದಂಗೆ. ಬ್ಯಾಂಕ್ನವರು ಇದನ್ನ ಹೊಸ ಲೋನ್ ತರಾನೇ ನೋಡ್ತಾರೆ, ಕಂಪನಿ ಹೆಸರಲ್ಲಿ ಸ್ಯಾಂಕ್ಷನ್, ಅಣ್ಣನ ಪರ್ಸನಲ್ ಗ್ಯಾರಂಟಿ, ಬೋರ್ಡ್ ರೆಸಲ್ಯೂಷನ್, ಮತ್ತೆ ಕಂಪನಿ ಕಡೆಯಿಂದ 30 ದಿನದೊಳಗೆ CHG-1 ಹಾಕಿ ಚಾರ್ಜ್ ರಿಜಿಸ್ಟರ್ ಮಾಡಿಸೋದು. ನಮಗೆ ಲೆಟರ್ ಕೊಟ್ಟಾಗಿಂದ ಸ್ಯಾಂಕ್ಷನ್ ಬರೋವರೆಗೆ ಎರಡು ತಿಂಗಳು ಹಿಡೀತು, ಜನವರಿಯಲ್ಲೇ ಮಾತಾಡಿದ್ದಕ್ಕೆ ಸರಿಹೋಯ್ತು.

ಹೆಜ್ಜೆ 5: ವ್ಯಾಲ್ಯುಯೇಷನ್, ಮೀಟಿಂಗ್, ಅಗ್ರಿಮೆಂಟ್, ಅಲಾಟ್‌ಮೆಂಟ್

ಇಲ್ಲಿ ಆರ್ಡರ್ ಮುಖ್ಯ. ಯಾಕಂದ್ರೆ ಇದೆಲ್ಲ ಗಂಡ-ಹೆಂಡತಿ ಇಬ್ರೇ ಇರೋ ಕಂಪನಿ, ಹಿಂದಿನ ಡೇಟ್ ಹಾಕಿ ಒಂದೇ ಸಲ ಸೈನ್ ಮಾಡ್ಬಿಡೋಣ ಅಂತ ಅನ್ಸತ್ತೆ, ಪೋರ್ಟಲ್ ಮಾತ್ರ ಫೈಲ್ ಆದ ಡೇಟ್ ತೋರಿಸತ್ತೆ.

ಮೊದಲು ರಿಜಿಸ್ಟರ್ಡ್ ವ್ಯಾಲ್ಯೂವರ್. ನಿಮ್ಮ ಸಿಎ ಕೊಡೋ ಸರ್ಟಿಫಿಕೇಟ್ ನಡೆಯಲ್ಲ, ಸೆಕ್ಷನ್ 247ರ ಕೆಳಗೆ ರಿಜಿಸ್ಟರ್ ಆಗಿರೋರೇ ಬೇಕು. ಕಂಪನಿ ತಗೊಳ್ತಿರೋ ಆಸ್ತಿಯ ಬೆಲೆಯನ್ನೂ, ಕೊಡೋ ಶೇರಿನ ಬೆಲೆಯನ್ನೂ ಅವರು ರಿಪೋರ್ಟ್‌ನಲ್ಲಿ ಹೇಳ್ಬೇಕು.

ಆಮೇಲೆ ಸೆಕ್ಷನ್ 192. ಬಹಳಷ್ಟು ಜನ ಇದನ್ನ ಬಿಟ್ಟೇಬಿಡ್ತಾರೆ. ಡೈರೆಕ್ಟರ್ ಹತ್ರದಿಂದ ಕಂಪನಿ ದುಡ್ಡು ಬಿಟ್ಟು ಬೇರೆ ಪ್ರತಿಫಲಕ್ಕೆ ಆಸ್ತಿ ತಗೊಳ್ತಿದ್ರೆ ಮೊದಲೇ ಶೇರ್‌ಹೋಲ್ಡರ್‌ಗಳ ಮೀಟಿಂಗ್‌ನಲ್ಲಿ ಒಪ್ಪಿಗೆ ಬೇಕು, ನೋಟಿಸ್‌ನಲ್ಲಿ ವ್ಯಾಲ್ಯೂವರ್ ಹೇಳಿದ ಬೆಲೆ ಇರ್ಬೇಕು. ಅಣ್ಣ ಡೈರೆಕ್ಟರ್, ಆಸ್ತಿ ಅಣ್ಣಂದೇ, ಶೇರಿಗೆ ಬದಲಾಗಿ ಕೊಡ್ತಿರೋದು, ನೂರಕ್ಕೆ ನೂರು ಅದೇ ಕೇಸು. ಹಂಗಾಗಿ ನಾವು ಎರಡು ಇಜಿಎಂ ಮಾಡಿದ್ವಿ. ಮೊದಲನೇದು ಮಾರ್ಚ್ ಕೊನೇ ವಾರ, ಅಂದಾಜು ಬ್ಯಾಲೆನ್ಸ್ ಶೀಟ್ ಮೇಲಿನ ರಿಪೋರ್ಟ್ ಇಟ್ಕೊಂಡು ಟೇಕೋವರ್‌ಗೆ ಒಪ್ಪಿಗೆ. ಎರಡನೇದು ಏಪ್ರಿಲ್‌ನಲ್ಲಿ, ಮಾರ್ಚ್ 31ರ ಲೆಕ್ಕ ಪಕ್ಕಾ ಆಗಿ ವ್ಯಾಲ್ಯೂವರ್ ರಿಪೋರ್ಟ್ ಅಪ್‌ಡೇಟ್ ಆದ್ಮೇಲೆ ಶೇರ್ ಅಲಾಟ್‌ಮೆಂಟ್‌ಗೆ ಸ್ಪೆಷಲ್ ರೆಸಲ್ಯೂಷನ್. ನೋಟಿಸ್ 21 ದಿನ ಬೇಕು, ಇಬ್ರೂ ಒಪ್ಪಿ ಬರ್ಕೊಟ್ರೆ ಕಡಿಮೆ ದಿನದಲ್ಲೂ ಮಾಡಬಹುದು.

ಅಗ್ರಿಮೆಂಟ್ ಮಾರ್ಚ್ 31ಕ್ಕೆ ಸೈನ್ ಆಯ್ತು. ಅದರಲ್ಲಿ ಏನಿರ್ಬೇಕು ಅಂದ್ರೆ: ಅವತ್ತು ದಿನದ ವ್ಯವಹಾರ ಮುಗಿದ್ಮೇಲೆ ಬಿಸಿನೆಸ್ ನಡೀತಿರೋ ಹಂಗೇ, ಎಲ್ಲಾ ಆಸ್ತಿ ಎಲ್ಲಾ ಸಾಲ ಸಮೇತ ಕಂಪನಿಗೆ ಹೋಗತ್ತೆ, ಕೆಲಸದವರ ಸರ್ವೀಸ್ ಕಟ್ ಆಗ್ದೇ ಮುಂದುವರಿಯತ್ತೆ, ಪ್ರತಿಫಲ ಶೇರ್ ಮಾತ್ರ, ಶೇರ್ ಎಷ್ಟು ಅನ್ನೋದು ಆಡಿಟ್ ಆದ ನೆಟ್ ಮೊತ್ತವನ್ನ 10ರಿಂದ ಭಾಗಿಸಿದಷ್ಟು. ಈ ಕೊನೇ ಸಾಲು ಯಾಕೆ ಅಂದ್ರೆ ಅಂದಾಜು ಲೆಕ್ಕಕ್ಕೂ ಫೈನಲ್‌ಗೂ ವ್ಯತ್ಯಾಸ ಬಂದೇ ಬರತ್ತೆ, ನಮ್ಮಲ್ಲಿ ಒಂದು ಸಪ್ಲೈಯರ್ ಬಿಲ್ ತಡವಾಗಿ ಬಂದು ಅಂದಾಜಿಗಿಂತ 42,000 ಕಮ್ಮಿ ಆಗಿ ಮೇಲಿನ 36 ಲಕ್ಷಕ್ಕೆ ನಿಂತ್ತು. ಅಗ್ರಿಮೆಂಟ್‌ನಲ್ಲಿ ಶೇರ್ ಸಂಖ್ಯೆ ಫಿಕ್ಸ್ ಮಾಡಿದ್ರೆ ಆ ವ್ಯತ್ಯಾಸನ ದುಡ್ಡಲ್ಲಿ ಹೊಂದಿಸೋ ಆಸೆ ಬರತ್ತೆ, ಹೊಂದಿಸಿದ್ರೆ ಮತ್ತೆ ಮೂರನೇ ಷರತ್ತಿಗೇ ಬಂದು ನಿಂತ್ಕೋತೀವಿ.

ಏಪ್ರಿಲ್ ಇಜಿಎಂ ಆದ್ಮೇಲೆ ಆ ರೆಸಲ್ಯೂಷನ್ನ MGT-14 ಫಾರಂನಲ್ಲಿ ಫೈಲ್ ಮಾಡಿ, ಅದು ಹೋದ್ಮೇಲೇ PAS-4 ಆಫರ್ ಲೆಟರ್ ಅಣ್ಣನಿಗೆ ಕೊಡಿ. ಉಲ್ಟಾ ಮಾಡಬೇಡಿ. ಅವರು ಅರ್ಜಿ ಕೊಡ್ತಾರೆ, ಬೋರ್ಡ್ ಮೀಟಿಂಗ್‌ನಲ್ಲಿ 3,60,000 ಶೇರ್ ಅಲಾಟ್ ಆಗತ್ತೆ, ಅವತ್ತಿಂದ 15 ದಿನದೊಳಗೆ ಅಲಾಟ್‌ಮೆಂಟ್ ವಿವರದ PAS-3. ಇದರ ಜೊತೆ ಸ್ಟ್ಯಾಂಪ್ ಆದ ಟೇಕೋವರ್ ಅಗ್ರಿಮೆಂಟ್ ಮತ್ತೆ ವ್ಯಾಲ್ಯುಯೇಷನ್ ರಿಪೋರ್ಟ್ ಹೋಗ್ಬೇಕು. ತಡ ಆದ್ರೆ ದಿನಕ್ಕೆ 1,000 ರೂಪಾಯಿ ತನಕ ಪೆನಾಲ್ಟಿ. ಶೇರ್ ಸರ್ಟಿಫಿಕೇಟ್ ಎರಡು ತಿಂಗಳೊಳಗೆ, ಶೇರ್ ಇಶ್ಯೂ ಮೇಲೆ ಸ್ಟ್ಯಾಂಪ್ ಡ್ಯೂಟಿ 0.005%, 36 ಲಕ್ಷಕ್ಕೆ 180 ರೂಪಾಯಿ. ಇಷ್ಟೆಲ್ಲಾ ಖರ್ಚಲ್ಲಿ ಅಣ್ಣ ನಕ್ಕಿದ್ದು ಇದೊಂದಕ್ಕೇ.

ಕಂಪನಿ ಬುಕ್ಸ್‌ನಲ್ಲಿ ಎಂಟ್ರಿ ಸೀದಾ: ಆಸ್ತಿಗಳು ಒಂದೊಂದಾಗಿ ಡೆಬಿಟ್ 61 ಲಕ್ಷ, ಸಾಲಗಳು ಕ್ರೆಡಿಟ್ 25 ಲಕ್ಷ, ಶೇರ್ ಕ್ಯಾಪಿಟಲ್ ಕ್ರೆಡಿಟ್ 36 ಲಕ್ಷ. ಮಧ್ಯದಲ್ಲಿ ಬೇರೆ ಯಾವ ಲೆಡ್ಜರೂ ಬರಬಾರ್ದು. ಟ್ಯಾಕ್ಸ್ ಲೆಕ್ಕಕ್ಕೆ ಮಷೀನಿನ ಬೆಲೆ ಅಣ್ಣನ ಹತ್ರ ಎಷ್ಟಿತ್ತೋ ಅಷ್ಟೇ, ವ್ಯಾಲ್ಯೂವರ್ ಜಾಸ್ತಿ ಬರೆದ್ರು ಅಂತ ಕಂಪನಿಗೆ ಜಾಸ್ತಿ ಡಿಪ್ರಿಸಿಯೇಷನ್ ಸಿಗಲ್ಲ. ಅಣ್ಣನ ಹತ್ರ ಹಿಂದಿನ ವರ್ಷಗಳದ್ದು ಮುಗೀದೇ ಉಳಿದಿದ್ದ ಡಿಪ್ರಿಸಿಯೇಷನ್ 4,10,000 ಇತ್ತು, ಷರತ್ತು ಪೂರ್ತಿ ಪಾಲಿಸಿದ್ರೆ ಅದೂ ಕಂಪನಿಗೆ ಸಿಗತ್ತೆ, ಹಳೇ ಆಕ್ಟ್‌ನ 72A(6). ಇದು ಬಹಳ ಜನ ಕೇಳೋದೇ ಇಲ್ಲ.

ಹೆಜ್ಜೆ 6: ಜಿಎಸ್‌ಟಿ, ಇಲ್ಲಿ 1,85,000 ಕಳ್ಕೋಬೇಡಿ

ಕಂಪನಿಗೆ ಹೊಸ ಪ್ಯಾನ್, ಹಂಗಾಗಿ ಹೊಸ ಜಿಎಸ್‌ಟಿ ನಂಬರ್. ಅದೇ ಶೆಡ್ ವಿಳಾಸದಲ್ಲಿ ಆಗ್ಲೇ ಒಂದು ರಿಜಿಸ್ಟ್ರೇಷನ್ ಇರೋದ್ರಿಂದ ಅಧಿಕಾರಿ ಕ್ಲಾರಿಫಿಕೇಷನ್ ಕೇಳಬಹುದು, ಓನರ್ ಹತ್ರ ಕಂಪನಿ ಹೆಸರಲ್ಲಿ ಹೊಸ ಬಾಡಿಗೆ ಕರಾರು ಮಾಡಿಸಿಟ್ಕೊಳ್ಳಿ, ಟೇಕೋವರ್ ವಿಷಯ ಬೋರ್ಡ್ ರೆಸಲ್ಯೂಷನ್ ಜೊತೆ ತೋರಿಸಿ. ಏಪ್ರಿಲ್ 1ಕ್ಕೆ ನಂಬರ್ ಕೈಲಿರ್ಬೇಕು, ಇಲ್ಲಾಂದ್ರೆ ಬಿಲ್ ಹಾಕೋದು ಯಾವ ಹೆಸರಲ್ಲಿ?

ನಡೀತಿರೋ ಬಿಸಿನೆಸ್‌ನ ಪೂರ್ತಿ ವರ್ಗಾಯಿಸೋದಕ್ಕೆ ಜಿಎಸ್‌ಟಿ ಇಲ್ಲ, 2017ರ ನೋಟಿಫಿಕೇಷನ್ 12ರಲ್ಲಿ ವಿನಾಯಿತಿ ಇದೆ. ಆದ್ರೆ ಮಷೀನನ್ನ ಬಿಡಿಬಿಡಿಯಾಗಿ ಬಿಲ್ ಮಾಡಿ ಕಂಪನಿಗೆ ಕೊಟ್ರೆ ಅದು ಮಾಮೂಲಿ ಮಾರಾಟ, ಟ್ಯಾಕ್ಸ್ ಬೀಳತ್ತೆ. ಒಂದೇ ಅಗ್ರಿಮೆಂಟ್, ಒಂದೇ ಸಲ.

ಹಳೇ ನಂಬರ್‌ನಲ್ಲಿ ಉಳಿದಿರೋ ಇನ್‌ಪುಟ್ ಕ್ರೆಡಿಟ್ ತಾನಾಗೇ ಹೋಗಲ್ಲ. ಹಳೇ ಲಾಗಿನ್‌ನಲ್ಲಿ GST ITC-02 ಹಾಕ್ಬೇಕು, ಸಾಲಗಳೂ ಜೊತೆಗೇ ಹೋಗಿವೆ ಅಂತ ಪ್ರಾಕ್ಟೀಸ್ ಮಾಡ್ತಿರೋ ಸಿಎ ಅಥವಾ ಕಾಸ್ಟ್ ಅಕೌಂಟೆಂಟ್ ಸರ್ಟಿಫಿಕೇಟ್ ಬೇಕು, ಆಮೇಲೆ ಹೊಸ ಲಾಗಿನ್‌ನಲ್ಲಿ ಕಂಪನಿ ಅದನ್ನ ಅಕ್ಸೆಪ್ಟ್ ಮಾಡ್ಬೇಕು. ಅಕ್ಸೆಪ್ಟ್ ಮಾಡೋದನ್ನ ಮರೆತು ಮೂರು ತಿಂಗಳು ಬಿಟ್ಟವರನ್ನ ನೋಡಿದೀನಿ. ಇನ್ನೂ ಕೆಟ್ಟದ್ದು, ಹಳೇ ನಂಬರ್ ಮೊದ್ಲೇ ಕ್ಯಾನ್ಸಲ್ ಮಾಡಿ ಆಮೇಲೆ ITC-02 ಹುಡುಕೋದು. ಕ್ಯಾನ್ಸಲೇಷನ್ ಅಂದ್ರೆ ಸ್ಟಾಕ್ ಮಷೀನ್ ಮೇಲಿನ ಕ್ರೆಡಿಟ್ ವಾಪಸ್ ಕಟ್ಟೋ ಲೆಕ್ಕ ಬರತ್ತೆ. ಅದೂ ಅಲ್ದೆ ನೋಡಿ, ಆ 1,85,000 ನಮ್ಮ ಬ್ಯಾಲೆನ್ಸ್ ಶೀಟ್‌ನಲ್ಲಿ ಆಸ್ತಿ ಅಂತ ತೋರಿಸಿ ಅದಕ್ಕೆ 18,500 ಶೇರ್ ಕೊಟ್ಟಾಗಿದೆ, ಕ್ರೆಡಿಟ್ ಹೋದ್ರೆ ಶೇರ್ ಹಿಂದೆ ಏನೂ ಇಲ್ಲ.

ಕ್ಯಾಶ್ ಲೆಡ್ಜರ್‌ನಲ್ಲಿರೋ ದುಡ್ಡು ITC-02ನಲ್ಲಿ ಹೋಗಲ್ಲ, ಅದನ್ನ ಮಾರ್ಚ್ ರಿಟರ್ನ್‌ನಲ್ಲೇ ಖಾಲಿ ಮಾಡ್ಕೊಳ್ಳಿ ಅಥವಾ ರಿಫಂಡ್ ಹಾಕಿ. ಕ್ರೆಡಿಟ್ ಹೊಸ ಲೆಡ್ಜರ್‌ಗೆ ಬಂದಿದ್ದು ಕಣ್ಣಲ್ಲಿ ನೋಡಿದ್ಮೇಲೆ REG-16 ಹಾಕಿ ಹಳೇದನ್ನ ಕ್ಯಾನ್ಸಲ್ ಮಾಡಿ, ಆಮೇಲೆ ಮೂರು ತಿಂಗಳೊಳಗೆ ಕೊನೇ ರಿಟರ್ನ್ GSTR-10. ಹಳೇ ಟ್ಯಾಕ್ಸ್ ಬಾಕಿ ಏನಾದ್ರೂ ಹೊರಗೆ ಬಂದ್ರೆ ನೀವೂ ಕಂಪನಿಯೂ ಇಬ್ರೂ ಜವಾಬ್ದಾರರು, ನಂಬರ್ ಕ್ಲೋಸ್ ಆಯ್ತು ಅಂತ ತಪ್ಪಿಸ್ಕೊಳ್ಳೋಕಾಗಲ್ಲ.

ಹೆಜ್ಜೆ 7: ಹಳೇ ಬ್ಯಾಂಕ್ ಅಕೌಂಟು

ಕಸ್ಟಮರ್‌ಗಳಿಗೆ ಮಾರ್ಚ್‌ನಲ್ಲೇ ಲೆಟರ್ ಕಳಿಸಿದ್ವಿ, ಹೊಸ ಹೆಸರು, ಹೊಸ ಪ್ಯಾನ್, ಹೊಸ ಅಕೌಂಟ್. ಆದ್ರೂ ದೊಡ್ಡ ಕಂಪನಿಗಳ ಸಿಸ್ಟಂನಲ್ಲಿ ವೆಂಡರ್ ಕೋಡ್ ಬದಲಾಗೋಕೆ ತಿಂಗಳುಗಟ್ಟಲೆ ಆಗತ್ತೆ, ದುಡ್ಡು ಹಳೇ ಅಕೌಂಟಿಗೇ ಬರತ್ತೆ, ಟಿಡಿಎಸ್ ಹಳೇ ಪ್ಯಾನ್‌ನಲ್ಲೇ ಕಟ್ ಆಗತ್ತೆ. ಅದಕ್ಕೆ ಹಳೇ ಅಕೌಂಟ್ ಆರು ತಿಂಗಳು ಇಟ್ಟಿರಿ, ಆದ್ರೆ ಬಂದ ದುಡ್ಡು ಅವತ್ತೇ ಕಂಪನಿಗೆ ಹಾಕಿ.

ಮೇ ತಿಂಗಳಲ್ಲಿ ಹಿಂಗೇ 2,40,000 ಹಳೇ ಅಕೌಂಟಿಗೆ ಬಂತು, ಅಣ್ಣ ಅದೇ ಅಕೌಂಟಿಂದ ಮಗಳ ಕಾಲೇಜ್ ಫೀಸ್ ಕಟ್ಬಿಟ್ರು. ಕೇಳಿದ್ರೆ "ನನ್ನ ದುಡ್ಡೇ ಅಲ್ವೇನೋ" ಅಂದ್ರು. ಹತ್ತಿಪ್ಪತ್ತು ವರ್ಷ ಹಂಗೇ ಬದುಕಿದವರಿಗೆ ಇದು ಅರ್ಥ ಮಾಡಿಸೋದು ಕಷ್ಟ, ಆದ್ರೆ ಆ ಬಾಕಿಯನ್ನ ಕಂಪನಿಗೆ ಕೊಟ್ಟು ಅದಕ್ಕೆ ಶೇರ್ ತಗೊಂಡಾಗಿದೆ, ಈಗ ಅದು ಕಂಪನಿ ದುಡ್ಡು. ಅವರು ಇಟ್ಕೊಂಡ್ರೆ ಕಂಪನಿ ಡೈರೆಕ್ಟರ್‌ಗೆ ಸಾಲ ಕೊಟ್ಟಂಗೆ, ಕಂಪನೀಸ್ ಆಕ್ಟ್ ಸೆಕ್ಷನ್ 185ರ ಪ್ರಶ್ನೆ, ಟ್ಯಾಕ್ಸ್ ಕಡೆ ಡೀಮ್ಡ್ ಡಿವಿಡೆಂಡ್ ಪ್ರಶ್ನೆ, ಜೊತೆಗೆ ಶೇರ್ ಬಿಟ್ಟು ಬೇರೆ ಲಾಭ ಸಿಕ್ತಾ ಅನ್ನೋ ಪ್ರಶ್ನೆ. ನಾಲ್ಕನೇ ದಿನ ಸೇವಿಂಗ್ಸ್‌ನಿಂದ ತೆಗೆದು ಕಂಪನಿಗೆ ಹಾಕಿಸಿದ್ವಿ. ಅವತ್ತಿಂದ ಅಣ್ಣನಿಗೆ ಡೈರೆಕ್ಟರ್ ಸಂಬಳ ಬೋರ್ಡ್ ರೆಸಲ್ಯೂಷನ್ ಮಾಡಿ ತಿಂಗಳು ತಿಂಗಳು, ಮನೆ ಖರ್ಚು ಅದರಲ್ಲೇ.

ಪಿಎಫ್, ಇಎಸ್‌ಐ, ಉದ್ಯಮ್, ಟ್ರೇಡ್ ಲೈಸೆನ್ಸ್, ಎಕ್ಸ್‌ಪೋರ್ಟ್ ಇದ್ರೆ ಐಇಸಿ, ಇವೆಲ್ಲ ಹಳೇ ಹೆಸರಿಗೋ ಪ್ಯಾನ್‌ಗೋ ಅಂಟ್ಕೊಂಡಿರೋವು, ಕಂಪನಿ ಹೆಸರಲ್ಲಿ ಹೊಸದಾಗಿ ಮಾಡಿಸ್ಬೇಕು ಅಥವಾ ಹೆಸರು ಬದಲಾಯಿಸ್ಬೇಕು, ಒಂದೊಂದಕ್ಕೂ ಅದರದ್ದೇ ದಾರಿ.

ಐದು ವರ್ಷದ ಲೆಕ್ಕ

ಈಗ ಅಣ್ಣನ ಹತ್ರ 3,69,000 ಶೇರ್, ಒಟ್ಟು 3,70,000. ಮುಂದೆ ಇನ್ವೆಸ್ಟರ್ ಬಂದ್ರೆ ಎಷ್ಟು ಕೊಡಬಹುದು? ಅಣ್ಣನ 3,69,000 ಅರ್ಧಕ್ಕಿಂತ ಕಮ್ಮಿ ಆಗಬಾರ್ದು ಅಂದ್ರೆ ಒಟ್ಟು 7,38,000 ದಾಟಬಾರ್ದು, ಅಂದ್ರೆ ಹೊಸದಾಗಿ 3,68,000 ತನಕ. ಅಣ್ಣ ತಮ್ಮ ಶೇರನ್ನ ಮಗಳಿಗೆ ಗಿಫ್ಟ್ ಕೊಟ್ರೂ ಇದೇ ಲೆಕ್ಕದಲ್ಲಿ ಕಮ್ಮಿ ಆಗತ್ತೆ, ಮನೆಯವರದ್ದೆಲ್ಲ ಸೇರಿಸಿ 50% ಅಂತ ಇಲ್ಲ, ಪ್ರೊಪ್ರೈಟರ್ ಒಬ್ರದ್ದೇ. ನಾಲ್ಕನೇ ವರ್ಷದಲ್ಲಿ ಮುರಿದ್ರೂ ಅವತ್ತು ಬಿಟ್ಟಿದ್ದ ಗೇನ್ ಆ ವರ್ಷದ ಆದಾಯವಾಗಿ ಕಂಪನಿ ತಲೆ ಮೇಲೆ ಬರತ್ತೆ, ಹಳೇ ಓನರ್ ಮೇಲಲ್ಲ. ಸೆಟ್ ಆಫ್ ಮಾಡ್ಕೊಂಡ ಹಳೇ ಡಿಪ್ರಿಸಿಯೇಷನ್ನೂ ವಾಪಸ್ ಆದಾಯ ಆಗತ್ತೆ. ಆಗ ಬಂದಿರೋ ಹೊಸ ಇನ್ವೆಸ್ಟರ್ ದುಡ್ಡಲ್ಲೇ ಆ ಟ್ಯಾಕ್ಸ್ ಹೋಗೋದು, ಅದಕ್ಕೇ ಇನ್ವೆಸ್ಟರ್‌ಗಳ ಲಾಯರ್‌ಗಳು ಮೊದಲು ಕೇಳೋ ಪ್ರಶ್ನೆ ಇದು.

ಕೊನೇದಾಗಿ ಅಣ್ಣನ ಸ್ವಂತ ರಿಟರ್ನ್. ಮಾರ್ಚ್ 31ರವರೆಗಿನ ಲಾಭ ಅವರ ಹೆಸರಲ್ಲೇ, ಮಾಮೂಲಿ ತರ ಫೈಲ್ ಆಗ್ಬೇಕು, ಆಡಿಟ್ ಲಿಮಿಟ್ ದಾಟಿದ್ರೆ ಆಡಿಟ್ ಕೂಡ. ಅದರ ಮುಂದಿನ ವರ್ಷದ ಅವರ ರಿಟರ್ನ್‌ನಲ್ಲಿ ಬಿಸಿನೆಸ್ ಇರಲ್ಲ, ಸಂಬಳ ಇರತ್ತೆ. ಕಂಪನಿ ಫೆಬ್ರವರಿಯಲ್ಲೇ ಆಗಿರೋದ್ರಿಂದ ಎರಡೂ ವರ್ಷದ ರಿಟರ್ನ್‌ನಲ್ಲಿ ಲಿಸ್ಟ್ ಆಗದ ಕಂಪನಿ ಶೇರ್ ಇದೆ ಅಂತ ವಿವರ ತುಂಬ್ಬೇಕು, ಡೈರೆಕ್ಟರ್ ಅಂತಲೂ ಹಾಕ್ಬೇಕು. ಹಳೇ ಟ್ಯಾಲಿ ಡೇಟಾ ಡಿಲೀಟ್ ಮಾಡ್ಬೇಡಿ, ಜಿಎಸ್‌ಟಿ ದಾಖಲೆಗಳನ್ನೇ ಆ ವರ್ಷದ ಆನ್ಯುವಲ್ ರಿಟರ್ನ್ ಕಡೇ ದಿನದಿಂದ 72 ತಿಂಗಳು ಇಟ್ಕೋಬೇಕು. ನಾವು ಒಂದು ಪೆನ್‌ಡ್ರೈವ್‌ಗೆ ಹಾಕಿ ಟೇಕೋವರ್ ಫೈಲ್ ಒಳಗೇ ಇಟ್ಟು ಬೀರು ಸೇರಿಸಿದೀವಿ, ಬೀಗದ ಕೈ ಅತ್ತಿಗೆ ಹತ್ರ.